ಡಿಶ್‌ವಾಷರ್ ತೊಳೆದ ಮೇಲೂ ಬಿಳಿ ಪೊರೆ, ಉಳಿದ ಕೊಳೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲೋಟ ಮಸುಕಾಗಿದೆ, ತಟ್ಟೆ ಮೇಲೆ ಪುಡಿ ಬಳಿದಂತಿದೆ, ಬಟ್ಟಲಿನ ತಳದಲ್ಲಿ ಕೈಗೆ ಮರಳು ಮರಳಾಗಿ ಸಿಗುತ್ತದೆ. ಡಿಶ್‌ವಾಷರ್ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಇವೇ. ಯಂತ್ರ ಕೆಟ್ಟಿದೆ ಎಂದುಕೊಳ್ಳುವ ಮೊದಲು ನೋಡಬೇಕಾದ ನಾಲ್ಕು ಜಾಗಗಳಿವೆ: ನೀರು, ಉಪ್ಪು, ಕೊನೆಯ ನೀರಿಗೆ ಯಂತ್ರ ಬೆರೆಸುವ ರಿನ್ಸ್ ಏಡ್ ಎಂಬ ದ್ರವ, ತಿರುಗುತ್ತಾ ನೀರು ಚಿಮ್ಮಿಸುವ ಸ್ಪ್ರೇ ಆರ್ಮ್. ಯಾವುದನ್ನು ಮೊದಲು ನೋಡಬೇಕು ಎಂಬುದರಲ್ಲೇ ಅರ್ಧ ಕೆಲಸವಿದೆ.

ಬಿಳಿ ಪೊರೆಯೂ ಇದೆ, ಕೊಳೆಯೂ ಉಳಿಯುತ್ತಿದೆ. ಎರಡಕ್ಕೂ ಕಾರಣ ಒಂದೇನಾ?

ಸಾಮಾನ್ಯವಾಗಿ ಅಲ್ಲ. ಎರಡನ್ನೂ ಒಂದೇ ರೋಗ ಎಂದುಕೊಂಡು ಒಂದೇ ಮದ್ದು ಹುಡುಕುವುದರಿಂದಲೇ ಜನ ತಿಂಗಳುಗಟ್ಟಲೆ ಒದ್ದಾಡುತ್ತಾರೆ.

ಯಂತ್ರ ಒಂದು ಸುತ್ತಿನಲ್ಲಿ ಹಲವು ಸಲ ನೀರು ತುಂಬಿಕೊಳ್ಳುತ್ತದೆ, ಹಲವು ಸಲ ಹೊರಗೆ ಹಾಕುತ್ತದೆ. ಮೊದಲಿನ ನೀರಿನ ಕೆಲಸ ಕೊಳೆ ಎಬ್ಬಿಸುವುದು. ಅದಕ್ಕೆ ಬೇಕಾದದ್ದು ಡಿಟರ್ಜೆಂಟ್, ಬಿಸಿ, ಮತ್ತು ಪ್ರತಿ ಪಾತ್ರೆಗೂ ರಭಸದಿಂದ ಬಡಿಯುವ ನೀರು. ಕೊನೆಯ ನೀರಿನ ಕೆಲಸ ಜಾಲಿಸುವುದು. ಆ ಹೊತ್ತಿಗೆ ಡಿಟರ್ಜೆಂಟ್ ಚರಂಡಿ ಸೇರಿಯಾಗಿರುತ್ತದೆ. ಪಾತ್ರೆಯ ಮೇಲೆ ಉಳಿದು ಒಣಗುವುದು ಈ ಕೊನೆಯ ನೀರು ಮಾತ್ರ.

ಹಾಗಾಗಿ ಕೊಳೆ ಉಳಿದಿದ್ದರೆ ನೀರು ಪಾತ್ರೆಗೆ ಬಡಿಯುತ್ತಿದೆಯೇ ಎಂದು ನೋಡಿ. ಅಂದರೆ ಸ್ಪ್ರೇ ಆರ್ಮ್, ಫಿಲ್ಟರ್, ಪಾತ್ರೆ ಜೋಡಿಸಿದ ರೀತಿ. ಬಿಳಿ ಪೊರೆ ಉಳಿದಿದ್ದರೆ ಕೊನೆಯಲ್ಲಿ ಒಣಗಿದ ನೀರಿನಲ್ಲಿ ಏನಿತ್ತು ಎಂದು ಕೇಳಿ. ಅಂದರೆ ಗಡಸುತನ, ಉಪ್ಪು, ರಿನ್ಸ್ ಏಡ್. ಎರಡೂ ಒಟ್ಟಿಗೆ ಇದ್ದರೆ ಎರಡು ತೊಂದರೆಗಳಿವೆ ಎಂದೇ ಹೊರಡಿ. ಮೊದಲು ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗಿ.

ಬಿಳಿಯಾಗಿರುವುದೆಲ್ಲ ಗಡಸು ನೀರಿನ ಸುಣ್ಣವೇ? ಹೇಗೆ ಗೊತ್ತಾಗುತ್ತದೆ?

ಬಿಳಿಯಾಗಿ ಕಾಣುವ ವಸ್ತುಗಳು ಕನಿಷ್ಠ ಐದಿವೆ. ಕಣ್ಣಿಗೆ ಎಲ್ಲವೂ ಒಂದೇ ಥರ. ಆದ್ದರಿಂದ ಮಸುಕಾದ ಒಂದು ಗಾಜಿನ ಲೋಟ ಹಿಡಿದುಕೊಂಡು ಹೀಗೆ ಮಾಡಿ.

ಮೊದಲು ಒದ್ದೆ ಬೆರಳಿನಿಂದ ಉಜ್ಜಿ. ಬರಿ ನೀರಿಗೇ ಹೋಗಿಬಿಟ್ಟರೆ, ಬೆರಳಿಗೆ ಜಾರಿದಂತೆ ಅನಿಸಿದರೆ ಅದು ಸರಿಯಾಗಿ ಕರಗದ ಡಿಟರ್ಜೆಂಟ್. ನೀರಿಗೆ ಕರಗುತ್ತದೆ, ಆದರೆ ಜಾರುವುದಿಲ್ಲ, ಉಪ್ಪುಪ್ಪಾಗಿದೆ ಎಂದರೆ ಯಂತ್ರದ ತಳದಲ್ಲಿರುವ ಉಪ್ಪಿನ ಡಬ್ಬಿಯ ಮುಚ್ಚಳ ಸೋರುತ್ತಿದೆ. ಅದರ ಮಾತು ಮುಂದೆ ಬರುತ್ತದೆ.

ನೀರಿಗೆ ಹೋಗದಿದ್ದರೆ ಬಿಳಿ ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿದ ಬಟ್ಟೆಯನ್ನು ಲೋಟದ ಅರ್ಧಭಾಗಕ್ಕೆ ಮಾತ್ರ ಸುತ್ತಿ ಐದು ನಿಮಿಷ ಬಿಡಿ. ನಂತರ ತೊಳೆದು ಒರೆಸಿ, ಬೆಳಕಿಗೆ ಹಿಡಿದು ನೋಡಿ. ಅದ್ದಿದ ಅರ್ಧ ತಿಳಿಯಾಗಿ ಇನ್ನರ್ಧ ಮಸುಕಾಗಿಯೇ ಉಳಿದಿದ್ದರೆ ಅದು ಸುಣ್ಣ, ಅನುಮಾನವೇ ಬೇಡ. ಇಡೀ ಲೋಟ ಮುಳುಗಿಸಬೇಡಿ. ಹೋಲಿಸಿ ನೋಡಲು ಅರ್ಧ ಉಳಿದಿರಲೇಬೇಕು.

ಆಮ್ಲಕ್ಕೂ ಜಗ್ಗದೆ, ತಟ್ಟೆಗಳ ಮೇಲೆ ಸ್ವಲ್ಪ ಒರಟಾದ ಪೊರೆ ಕಂಡರೆ ಅದು ಪಿಷ್ಟವಿರಬಹುದು. ಗಾಯಕ್ಕೆ ಹಚ್ಚುವ ಅಯೋಡಿನ್ ಟಿಂಚರನ್ನು ನೀರಿನಲ್ಲಿ ತಿಳಿ ಮಾಡಿ ಒಂದು ಹನಿ ಬಿಡಿ. ಕಡುನೀಲಿಗೆ ತಿರುಗಿದರೆ ಪಿಷ್ಟ ಹೌದು. ಡಿಟರ್ಜೆಂಟ್ ಕಡಿಮೆಯಾಗಿದೆ, ಇಲ್ಲವೇ ನೀವು ಯಾವಾಗಲೂ ಅತಿ ಚಿಕ್ಕ ಪ್ರೋಗ್ರಾಂ ಹಾಕುತ್ತಿದ್ದೀರಿ. ಪಿಷ್ಟ ಒಡೆಯುವ ಎಂಜೈಮ್‌ಗೆ ಬಿಸಿಯೂ ಬೇಕು, ಸಮಯವೂ ಬೇಕು. ಪರೀಕ್ಷೆ ಮುಗಿದ ಮೇಲೆ ಆ ತಟ್ಟೆಯನ್ನು ಚೆನ್ನಾಗಿ ತೊಳೆದಿಡಿ.

ಯಾವುದಕ್ಕೂ ಬದಲಾಗಲಿಲ್ಲ, ಲೋಟವನ್ನು ಓರೆಯಾಗಿ ಹಿಡಿದರೆ ಕಾಮನಬಿಲ್ಲಿನಂಥ ಛಾಯೆ ಕಾಣುತ್ತದೆ ಎಂದರೆ ಅದು ಪೊರೆಯಲ್ಲ. ಗಾಜೇ ಸವೆದಿದೆ. ಇದಕ್ಕೂ ಮುಂದೆ ಬರೋಣ.

ಗಡಸು ನೀರು ಪಾತ್ರೆಗೆ ಮಾಡುವುದಾದರೂ ಏನು?

ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೈಕಾರ್ಬೊನೇಟ್ ರೂಪದಲ್ಲಿ ಕರಗಿರುತ್ತವೆ. ನೀರು ಬಿಸಿಯಾದಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಕರಗಿದ್ದ ಕ್ಯಾಲ್ಸಿಯಂ ಆಗ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಅಂದರೆ ಸೀಮೆಸುಣ್ಣದ ವಸ್ತುವಾಗಿ ಕೂರುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಕಿಟ್ಟವೂ ಇದೇ. ಡಿಶ್‌ವಾಷರ್ ನೀರು ಬಿಸಿ ಮಾಡುತ್ತದೆ, ಡಿಟರ್ಜೆಂಟ್ ಅದನ್ನು ಕ್ಷಾರೀಯ ಮಾಡುತ್ತದೆ, ಕೊನೆಗೆ ಹನಿಗಳನ್ನು ಪಾತ್ರೆಯ ಮೇಲೇ ಒಣಗಲು ಬಿಡುತ್ತದೆ. ಸುಣ್ಣ ಕಟ್ಟಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಎಲ್ಲಿ ಸಿಗಬೇಕು?

ಲೆಕ್ಕ ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ. ಗಡಸುತನ 400 ಪಿಪಿಎಂ ಎಂದರೆ ಒಂದು ಲೀಟರಿನಲ್ಲಿ 400 ಮಿಲಿಗ್ರಾಂ ಸುಣ್ಣಕ್ಕೆ ಸಮನಾದ ಖನಿಜ. ಒಂದು ಸುತ್ತಿಗೆ 10 ಲೀಟರ್ ನೀರು ಹಿಡಿದರೂ 4 ಗ್ರಾಂ ಆಯಿತು. ಅದೆಲ್ಲವೂ ಪಾತ್ರೆಗೆ ಅಂಟುವುದಿಲ್ಲ, ಬಹುಪಾಲು ಹೊರಗೆ ಹರಿದುಹೋಗುತ್ತದೆ. ಆದರೆ ಲೋಟವನ್ನು ಮಸುಕು ಮಾಡಲು ಅದರಲ್ಲಿ ಚಿಟಿಕೆಯಷ್ಟು ಸಾಕು. ಅದೂ ದಿನಾ ಪದರದ ಮೇಲೆ ಪದರ.

ನಮ್ಮ ನೀರು ಎಷ್ಟು ಗಡಸು ಎಂದು ಅಳೆಯುವುದು ಹೇಗೆ? ಟಿಡಿಎಸ್ ಮೀಟರ್ ಇದೆ, ಸಾಕಲ್ಲ?

ಸಾಲದು. ಟಿಡಿಎಸ್ ಮೀಟರ್ ನೀರಿನ ವಿದ್ಯುತ್ ವಾಹಕತೆ ನೋಡಿ ಕರಗಿದ ಲವಣಗಳನ್ನೆಲ್ಲ ಒಟ್ಟಾಗಿ ಅಂದಾಜಿಸುತ್ತದೆ. ಅದರಲ್ಲಿ ಸೋಡಿಯಂ ಎಷ್ಟು, ಕ್ಯಾಲ್ಸಿಯಂ ಎಷ್ಟು ಎಂದು ಅದಕ್ಕೆ ತಿಳಿಯದು. ನೀರನ್ನು ಮೆದು ಮಾಡುವ ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುವುದರಿಂದ ಮೆದುವಾದ ನೀರಿಗೂ ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ತೋರಿಸುತ್ತದೆ.

ಬೇಕಾದದ್ದು ಗಡಸುತನದ ಪರೀಕ್ಷಾ ಪಟ್ಟಿ ಅಥವಾ ಹನಿ ಪರೀಕ್ಷೆಯ ಕಿಟ್. ಪಟ್ಟಿಯ ಬಣ್ಣದಿಂದ ಸ್ಥೂಲ ಅಂದಾಜು ಸಿಗುತ್ತದೆ. ಹನಿ ಕಿಟ್ ಇನ್ನೂ ನಿಖರ. ಅಳತೆಯ ನೀರಿಗೆ ಒಂದೊಂದೇ ಹನಿ ಹಾಕಿ ಅಲುಗಾಡಿಸುತ್ತಾ, ಬಣ್ಣ ಬದಲಾಗುವವರೆಗೆ ಎಣಿಸುವುದು. ಸಾಮಾನ್ಯ ಕಿಟ್‌ಗಳಲ್ಲಿ ಒಂದು ಹನಿಗೆ ಒಂದು ಜರ್ಮನ್ ಡಿಗ್ರಿ. ಒಂದು ಜರ್ಮನ್ ಡಿಗ್ರಿ ಎಂದರೆ 17.8 ಪಿಪಿಎಂ. ಅನೇಕ ಯಂತ್ರಗಳ ಕೈಪಿಡಿ ಈ ಡಿಗ್ರಿಯಲ್ಲೇ ಮಾತಾಡುವುದರಿಂದ ಈ ಒಂದು ಸಂಖ್ಯೆ ನೆನಪಿಟ್ಟರೆ ಸಾಕು.

ಯಂತ್ರಕ್ಕೆ ನೀರು ಹೋಗುವ ನಲ್ಲಿಯಿಂದಲೇ ಮಾದರಿ ತೆಗೆದುಕೊಳ್ಳಿ. ಕುಡಿಯುವ ನೀರಿನ ಫಿಲ್ಟರ್‌ನಿಂದ ಹಿಡಿದ ನೀರನ್ನು ಅಳೆದು, ಗಡಸುತನವೇ ಇಲ್ಲ ಎಂದು ನಿರಾಳವಾದವರೂ ಇದ್ದಾರೆ.

ಉಪ್ಪು ಪಾತ್ರೆಯನ್ನು ತೊಳೆಯುತ್ತದೆಯೇ?

ಇಲ್ಲ. ಉಪ್ಪು ಪಾತ್ರೆಯ ಹತ್ತಿರವೂ ಬರುವುದಿಲ್ಲ, ಬರಲೂಬಾರದು.

ಯಂತ್ರದ ಬುಡದಲ್ಲಿ ರೆಸಿನ್ ಎಂಬ ಸಣ್ಣ ಸಣ್ಣ ಗುಂಡುಗಳು ತುಂಬಿದ ಕೋಶ ಇರುತ್ತದೆ. ಒಳಗೆ ಬರುವ ನೀರು ಈ ಗುಂಡುಗಳ ನಡುವೆ ಹಾದುಹೋಗುವಾಗ ಅವು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಹೀಗೆ ಹಿಡಿಯುತ್ತಾ ಹೋದರೆ ಒಂದು ಹಂತದಲ್ಲಿ ಗುಂಡುಗಳು ಭರ್ತಿಯಾಗುತ್ತವೆ. ಆಗ ಯಂತ್ರ ಪಕ್ಕದ ಡಬ್ಬಿಯಿಂದ ಗಾಢವಾದ ಉಪ್ಪುನೀರನ್ನು ಅವುಗಳ ಮೇಲೆ ಹಾಯಿಸುತ್ತದೆ. ಸೋಡಿಯಂ ಮತ್ತೆ ಗುಂಡುಗಳಿಗೆ ಸೇರುತ್ತದೆ, ಹಿಡಿದಿಟ್ಟ ಕ್ಯಾಲ್ಸಿಯಂ ಬಿಡಿಸಿಕೊಂಡು ಉಪ್ಪುನೀರಿನೊಂದಿಗೆ ಚರಂಡಿಗೆ ಹೋಗುತ್ತದೆ. ಉಪ್ಪಿನ ಕೆಲಸ ಇಷ್ಟೇ: ರೆಸಿನ್ನನ್ನು ತೊಳೆದು ಮತ್ತೆ ಕೆಲಸಕ್ಕೆ ಹಚ್ಚುವುದು. ಉಪ್ಪಿಲ್ಲದಿದ್ದರೆ ರೆಸಿನ್ ಭರ್ತಿಯಾದಲ್ಲಿಗೆ ನಿಂತುಬಿಡುತ್ತದೆ, ಗಡಸು ನೀರು ಹಾಗೇ ಒಳಗೆ ನುಗ್ಗುತ್ತದೆ.

ಈ ರೆಸಿನ್ ಕೋಶವೇ ಯಂತ್ರದ ಸಾಫ್ಟನರ್. ಎಲ್ಲ ಡಿಶ್‌ವಾಷರ್‌ಗಳಲ್ಲೂ ಅದು ಇರುವುದಿಲ್ಲ. ಕೆಳಗಿನ ಬುಟ್ಟಿ ಹೊರಗೆ ತೆಗೆದು ತಳ ನೋಡಿ. ಫಿಲ್ಟರ್ ಪಕ್ಕದಲ್ಲಿ ತಿರುಗಿಸಿ ತೆಗೆಯುವ ದೊಡ್ಡ ಮುಚ್ಚಳ ಇದ್ದರೆ ಅದೇ ಉಪ್ಪಿನ ಡಬ್ಬಿ. ಅಂಥದ್ದೇನೂ ಕಾಣದಿದ್ದರೆ ಕೈಪಿಡಿ ನೋಡಿ ಖಚಿತ ಮಾಡಿಕೊಳ್ಳಿ. ಸಾಫ್ಟನರ್ ಇಲ್ಲವೆಂದಾದರೆ ಉಪ್ಪಿನ ಪ್ರಶ್ನೆಯೇ ಇಲ್ಲ. ಅಂಥ ಯಂತ್ರದಲ್ಲಿ ಗಡಸುತನವನ್ನು ಡಿಟರ್ಜೆಂಟ್ ಮತ್ತು ರಿನ್ಸ್ ಏಡ್‌ನಿಂದ, ಇಲ್ಲವೇ ಇಡೀ ಮನೆಯ ನೀರಿಗೆ ಸಾಫ್ಟನರ್ ಹಾಕಿಸಿ ನಿಭಾಯಿಸಬೇಕು.

ಅಡುಗೆ ಉಪ್ಪು ಹಾಕಿದರೆ ಏನಾಗುತ್ತದೆ?

ಎರಡೂ ಸೋಡಿಯಂ ಕ್ಲೋರೈಡೇ. ವ್ಯತ್ಯಾಸ ಇರುವುದು ಕಣದ ಗಾತ್ರದಲ್ಲಿ ಮತ್ತು ಅದರ ಜೊತೆ ಬರುವ ವಸ್ತುಗಳಲ್ಲಿ. ಪುಡಿ ಉಪ್ಪು ಒದ್ದೆಯಾದಾಗ ಗಟ್ಟಿ ಮುದ್ದೆಯಾಗಿ ಡಬ್ಬಿಯಲ್ಲಿ ನೀರಿನ ದಾರಿ ಕಟ್ಟುತ್ತದೆ. ಗಂಟು ಕಟ್ಟದಿರಲೆಂದು ಬೆರೆಸುವ ಪುಡಿಗಳು ಕರಗದೆ ಉಳಿದು ರೆಸಿನ್ ಮೇಲೆ ಕೂರುತ್ತವೆ. ಶುದ್ಧಮಾಡದ ಕಲ್ಲುಪ್ಪಿನಲ್ಲಿ ಮಣ್ಣಿರುತ್ತದೆ, ಸ್ವತಃ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಇರುತ್ತವೆ. ಯಾವುದನ್ನು ಹೊರಗೆ ಹಾಕಲು ಹೊರಟೆವೋ ಅದನ್ನೇ ಒಳಗೆ ಸುರಿದಂತೆ. ಡಿಶ್‌ವಾಷರ್‌ಗೆಂದೇ ಬರುವ ದಪ್ಪ ಹರಳಿನ ಉಪ್ಪನ್ನೇ ಹಾಕಿ.

ಇದಕ್ಕಿಂತ ದೊಡ್ಡ ಅನಾಹುತ ಬೇರೊಂದಿದೆ: ಉಪ್ಪಿನ ಡಬ್ಬಿಗೆ ಡಿಟರ್ಜೆಂಟ್ ಪುಡಿ ಸುರಿಯುವುದು. ಹಾಗೆ ಮಾಡಿದರೆ ಸಾಫ್ಟನರ್ ಹಾಳಾಗುತ್ತದೆ. ಸುರಿದಿದ್ದೇನೆ ಎಂದು ಗೊತ್ತಾದ ಕೂಡಲೇ ಯಂತ್ರ ಚಾಲೂ ಮಾಡದೆ ಮೆಕ್ಯಾನಿಕ್‌ನನ್ನು ಕರೆಸಿ.

ಉಪ್ಪು ತುಂಬುವ ಸರಿಯಾದ ಕ್ರಮ ಯಾವುದು?

ಪಾತ್ರೆ ತುಂಬಿ, ಡಿಟರ್ಜೆಂಟ್ ಹಾಕಿ, ಇನ್ನೇನು ಯಂತ್ರ ಚಾಲೂ ಮಾಡಬೇಕು ಎನ್ನುವಾಗ ಉಪ್ಪು ತುಂಬಿ. ತುಂಬುವಾಗ ಉಪ್ಪುನೀರು ಉಕ್ಕಿ ತಳಕ್ಕೆ ಚೆಲ್ಲುತ್ತದೆ. ಅದು ರಾತ್ರಿಯಿಡೀ ಅಲ್ಲೇ ನಿಂತರೆ ಸ್ಟೀಲಿನ ತಳಕ್ಕೂ ತುಕ್ಕು ಹಿಡಿಸಬಲ್ಲದು. ತಕ್ಷಣ ಸುತ್ತು ಓಡಿಸಿದರೆ ತೊಳೆದುಹೋಗುತ್ತದೆ.

ಯಂತ್ರ ಹೊಸದಾಗಿದ್ದಾಗ ಮಾತ್ರ ಮೊದಲು ಡಬ್ಬಿಗೆ ನೀರು ತುಂಬಬೇಕು, ಸುಮಾರು ಒಂದು ಲೀಟರ್. ಮುಂದಿನ ಸಲಗಳಲ್ಲಿ ಅದರಲ್ಲಿ ನೀರು ಇದ್ದೇ ಇರುತ್ತದೆ. ಜೊತೆಗೆ ಕೊಟ್ಟ ಲಾಳಿಕೆ ಇಟ್ಟು ಡಬ್ಬಿ ತುಂಬುವವರೆಗೆ ಉಪ್ಪು ಸುರಿಯಿರಿ. ಒಂದರಿಂದ ಒಂದೂವರೆ ಕಿಲೋ ಹಿಡಿಯಬಹುದು. ನೀರು ಹೊರಗೆ ಉಕ್ಕುವುದು ಸಹಜ. ಆಮೇಲೆ ಬಾಯಿಯ ಸುತ್ತಲಿನ ಹರಳುಗಳನ್ನು ಒರೆಸಿ ಮುಚ್ಚಳ ಬಿಗಿ ಮಾಡಿ. ಈ ಒರೆಸುವ ಕೆಲಸ ಸಣ್ಣದೆನಿಸುತ್ತದೆ, ಆದರೆ ಒಂದೇ ಒಂದು ಹರಳು ಎಳೆಯ ನಡುವೆ ಸಿಕ್ಕಿಕೊಂಡರೂ ಮುಚ್ಚಳ ಸರಿಯಾಗಿ ಕೂರದು. ಆಗ ಪ್ರತಿ ಸುತ್ತಿನಲ್ಲೂ ಉಪ್ಪುನೀರು ಪಾತ್ರೆ ತೊಳೆಯುವ ನೀರಿಗೆ ಬೆರೆಯುತ್ತದೆ. ನೀರಿಗೆ ಕರಗುವ ಆ ಉಪ್ಪುಪ್ಪು ಪೊರೆ ಬರುವುದು ಇಲ್ಲಿಂದಲೇ.

ತುಂಬಿದ ಕೂಡಲೇ ಉಪ್ಪಿನ ದೀಪ ಆರದಿದ್ದರೆ ಗಾಬರಿ ಬೇಡ. ಉಪ್ಪು ಕರಗಿ ನೀರು ಗಾಢವಾಗುವವರೆಗೆ ಕೆಲವು ಯಂತ್ರಗಳಲ್ಲಿ ಅದು ಉರಿಯುತ್ತಲೇ ಇರುತ್ತದೆ.

ಉಪ್ಪು ತುಂಬಿದೆ, ಆದರೂ ಪೊರೆ ಹೋಗುತ್ತಿಲ್ಲ. ಏಕೆ?

ಮೊದಲು ನೋಡಬೇಕಾದದ್ದು ಗಡಸುತನದ ಸೆಟ್ಟಿಂಗ್. ಉಪ್ಪು ಹಾಕಿದ ಮಾತ್ರಕ್ಕೆ ನಿಮ್ಮ ನೀರು ಎಂಥದ್ದೆಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ರೆಸಿನ್ನನ್ನು ಎಷ್ಟು ಸುತ್ತಿಗೊಮ್ಮೆ ಉಪ್ಪುನೀರಿನಿಂದ ತೊಳೆಯಬೇಕು ಎಂಬುದನ್ನು ಅದು ಈ ಸೆಟ್ಟಿಂಗ್ ನೋಡಿ ನಿರ್ಧರಿಸುತ್ತದೆ. ಸೆಟ್ಟಿಂಗ್ ಕಡಿಮೆ ಇದ್ದರೆ ತಡವಾಗಿ ತೊಳೆಯುತ್ತದೆ, ನಡುವಿನ ಸುತ್ತುಗಳಿಗೆ ಗಡಸು ನೀರೇ ಗತಿ. ಸೊನ್ನೆಯಲ್ಲಿದ್ದರೆ ತೊಳೆಯುವುದೇ ಇಲ್ಲ. ತಿಂಗಳುಗಳಾದರೂ ಉಪ್ಪು ಇಳಿದೇ ಇಲ್ಲ ಎಂದು ಖುಷಿಪಡುವವರ ಯಂತ್ರ ಹೆಚ್ಚಾಗಿ ಈ ಸ್ಥಿತಿಯಲ್ಲಿರುತ್ತದೆ. ಅಳೆದ ಡಿಗ್ರಿಯನ್ನು ಕೈಪಿಡಿಯ ಪಟ್ಟಿಯಲ್ಲಿ ಹುಡುಕಿ ಅದರ ಮಟ್ಟವನ್ನು ಹೊಂದಿಸಿ.

ಎರಡನೆಯದು ಹಳೆಯ ಉಪ್ಪು. ಡಬ್ಬಿಯ ಬಾಯಿಂದ ಉದ್ದನೆಯ ಚಮಚದ ಹಿಡಿ ಇಳಿಸಿ ನೋಡಿ. ಕಲ್ಲಿನಂತೆ ತಾಗಿದರೆ ಉಪ್ಪು ಹೆಪ್ಪುಗಟ್ಟಿದೆ. ನೀರು ಬದಿಯಿಂದ ಹಾದುಹೋಗುತ್ತಿದೆ, ಗಾಢವಾಗುತ್ತಿಲ್ಲ. ಬೆಚ್ಚಗಿನ ನೀರು ಸುರಿದು ನಿಧಾನವಾಗಿ ಒಡೆಯಬೇಕು.

ಸೆಟ್ಟಿಂಗ್ ಸರಿ, ಉಪ್ಪೂ ಸರಿ ಎಂದಾದರೆ ಸಾಫ್ಟನರನ್ನೇ ಪರೀಕ್ಷಿಸಬಹುದು. ಇದನ್ನು ಮಾಡುವವರು ಕಡಿಮೆ, ಆದರೆ ಊಹೆಗೆಲ್ಲ ಇದು ತೆರೆ ಎಳೆಯುತ್ತದೆ. ಯಂತ್ರ ಖಾಲಿ ಇರಲಿ, ಡಿಟರ್ಜೆಂಟ್ ಹಾಕಬೇಡಿ. ಬರಿ ಜಾಲಿಸುವ ಪ್ರೋಗ್ರಾಂ ಹಚ್ಚಿ. ನೀರು ತುಂಬಿ ಚಿಮ್ಮಲು ಶುರುವಾದ ಎರಡು ನಿಮಿಷಕ್ಕೆ ನಿಲ್ಲಿಸಿ, ತಳದ ಗುಂಡಿಯಿಂದ ಸ್ವಲ್ಪ ನೀರು ತೆಗೆದು ಗಡಸುತನ ಅಳೆಯಿರಿ. ಪೂರ್ತಿ ಸೊನ್ನೆಯಾಗಬೇಕಿಲ್ಲ, ಕೆಲವೇ ಡಿಗ್ರಿ ತೋರಿಸಿದರೆ ಸಾಫ್ಟನರ್ ಕೆಲಸ ಮಾಡುತ್ತಿದೆ. ನಲ್ಲಿ ನೀರಿನಷ್ಟೇ ತೋರಿಸಿದರೆ ಮಾಡುತ್ತಿಲ್ಲ. ಡಿಟರ್ಜೆಂಟ್ ಬೇಡ ಎಂದದ್ದು ಸುಮ್ಮನೆ ಅಲ್ಲ. ಅದರಲ್ಲಿರುವ ಕೆಲವು ವಸ್ತುಗಳು ಕ್ಯಾಲ್ಸಿಯಂ ಕಟ್ಟಿಹಾಕಿ ಅಳತೆಯನ್ನು ಸುಳ್ಳು ಮಾಡುತ್ತವೆ.

ಎಲ್ಲವೂ ಒಂದರಲ್ಲೇ ಇರುವ ಟ್ಯಾಬ್ಲೆಟ್ ಬಳಸುತ್ತೇವೆ. ಉಪ್ಪು, ರಿನ್ಸ್ ಏಡ್ ಬಿಡಬಹುದೇ?

ನೀರು ಎಷ್ಟು ಗಡಸು ಎಂಬುದರ ಮೇಲಿದೆ. ಇಂಥ ಟ್ಯಾಬ್ಲೆಟ್‌ಗಳಲ್ಲಿ ಉಪ್ಪು ಎಂದು ಬರೆದಿರುವುದು ರೆಸಿನ್ ತೊಳೆಯುವ ಉಪ್ಪಲ್ಲ. ಸುಣ್ಣ ಹರಳುಗಟ್ಟದಂತೆ ತಡೆಯುವ ಫಾಸ್ಫೊನೇಟ್, ಪಾಲಿಮರ್ ಮುಂತಾದವು. ಇವುಗಳ ಶಕ್ತಿಗೂ ಮಿತಿ ಇದೆ. ಅನೇಕ ಕೈಪಿಡಿಗಳು ಹೇಳುವ ಗಡಿ 21 ಜರ್ಮನ್ ಡಿಗ್ರಿ, ಅಂದರೆ ಸುಮಾರು 375 ಪಿಪಿಎಂ. ಅದಕ್ಕಿಂತ ಮೇಲೆ ಟ್ಯಾಬ್ಲೆಟ್ ಯಾವುದೇ ಇರಲಿ, ಉಪ್ಪು ಬೇಕೇ ಬೇಕು. ಗಡಿಯ ಆಸುಪಾಸಿನಲ್ಲಿದ್ದರೂ ಉಪ್ಪು ಹಾಕಿ ಎನ್ನುವುದು ನನ್ನ ಅಭಿಪ್ರಾಯ.

ಮೊದಲು ಇಷ್ಟು ಪೊರೆ ಬರುತ್ತಿರಲಿಲ್ಲ ಎಂದು ಹಳಬರು ಹೇಳುವುದರಲ್ಲೂ ಸತ್ಯವಿದೆ. ಹಿಂದಿನ ಡಿಟರ್ಜೆಂಟ್‌ಗಳಲ್ಲಿದ್ದ ಫಾಸ್ಫೇಟ್ ಕ್ಯಾಲ್ಸಿಯಂ ಹಿಡಿದಿಡುವುದರಲ್ಲಿ ಗಟ್ಟಿಗ. ಕೆರೆ, ನದಿಗಳಲ್ಲಿ ಪಾಚಿ ಬೆಳೆಸುತ್ತದೆಂದು ಅದನ್ನು ಹಲವೆಡೆ ನಿರ್ಬಂಧಿಸಲಾಯಿತು. ಯುರೋಪಿಯನ್ ಒಕ್ಕೂಟದಲ್ಲಿ ಮನೆಬಳಕೆಯ ಡಿಶ್‌ವಾಷರ್ ಡಿಟರ್ಜೆಂಟ್‌ಗೆ 2017ರ ಜನವರಿ 1ರಿಂದ ಮಿತಿ ಬಂತು. ಅದು ಮಾಡುತ್ತಿದ್ದ ಕೆಲಸದ ಒಂದು ಪಾಲು ಈಗ ಸಾಫ್ಟನರಿನ ತಲೆ ಮೇಲೆ ಬಿದ್ದಿದೆ.

ರಿನ್ಸ್ ಏಡ್ ವಿಷಯದಲ್ಲೂ ಹೀಗೇ. ಟ್ಯಾಬ್ಲೆಟ್ ಕರಗುವುದು ಮುಖ್ಯ ತೊಳೆತದಲ್ಲಿ. ಅದರ ಅಂಶ ಕೊನೆಯ ನೀರಿನವರೆಗೆ ಉಳಿಯುವುದು ಅಷ್ಟಕ್ಕಷ್ಟೇ.

ರಿನ್ಸ್ ಏಡ್ ಹೊಳಪು ಕೊಡುವ ಎಣ್ಣೆಯಂಥದ್ದೇ?

ಅಲ್ಲ. ನೀರು ಹನಿಯಾಗಿ ನಿಲ್ಲದಂತೆ ಮಾಡುವ ದ್ರವ ಅದು. ನೀರಿನ ಮೇಲ್ಮೈ ಎಳೆತ ಕಡಿಮೆಯಾದಾಗ ಹನಿ ಉರುಟಾಗಿ ನಿಲ್ಲಲಾರದೆ ತೆಳು ಹಾಳೆಯಂತೆ ಹರಡಿ ಜಾರಿಹೋಗುತ್ತದೆ. ಹನಿಯೇ ನಿಲ್ಲದಿದ್ದರೆ ಅದು ಒಣಗಿ ಬಿಡುವ ಉಂಗುರದಂಥ ಕಲೆಯೂ ಇಲ್ಲ. ಜೊತೆಗೆ ಅದರಲ್ಲಿ ಸಾಮಾನ್ಯವಾಗಿ ಸಿಟ್ರಿಕ್ ಆಮ್ಲ ಇರುವುದರಿಂದ ಉಳಿದ ಸ್ವಲ್ಪ ಕ್ಷಾರವನ್ನೂ ಸುಣ್ಣವನ್ನೂ ತಟಸ್ಥ ಮಾಡುತ್ತದೆ. ಬೇಕಾದದ್ದು ಸುತ್ತಿಗೆ ಕೆಲವು ಮಿಲಿಲೀಟರ್ ಮಾತ್ರ.

ಎಷ್ಟು ಬಿಡಬೇಕೆಂಬ ಮಟ್ಟ ಯಂತ್ರದಲ್ಲೇ ಇದೆ. ಲೋಟದ ಮೇಲೆ ಬಿಡಿಬಿಡಿ ಹನಿಯ ಗುರುತು ಕಂಡರೆ ಒಂದು ಮಟ್ಟ ಏರಿಸಿ. ನೀಲಿ ಛಾಯೆಯ ಗೆರೆ, ಅಂಟಂಟು, ಅಥವಾ ತಳದಲ್ಲಿ ನೊರೆ ಕಂಡರೆ ಇಳಿಸಿ. ಬದಲಾಯಿಸಿದ ಮೇಲೆ ನಾಲ್ಕೈದು ಸುತ್ತು ಕಾಯಿರಿ. ಎಲ್ಲೆಡೆ ಸಮನಾಗಿ ಹರಡಿದ ಮಸುಕಿಗೆ ರಿನ್ಸ್ ಏಡ್ ಮದ್ದಲ್ಲ, ಅದು ಗಡಸುತನದ್ದು. ಅದನ್ನು ಹೋಗಿಸಲು ರಿನ್ಸ್ ಏಡ್ ಏರಿಸುತ್ತಾ ಹೋದರೆ ಸುಣ್ಣದ ಮೇಲೆ ಜಿಡ್ಡಿನ ಪದರವೊಂದು ಬೇರೆ ಸೇರುತ್ತದೆ.

ರಿನ್ಸ್ ಏಡ್ ಬದಲಿಗೆ ಆ ಡಬ್ಬಿಗೆ ವಿನೆಗರ್ ತುಂಬಬೇಡಿ. ಅದರಲ್ಲಿ ಆಮ್ಲ ಇದೆ, ಹನಿ ಹರಡಿಸುವ ಗುಣ ಇಲ್ಲ. ದಿನಾ ಅದರಲ್ಲೇ ನೆನೆಯುವ ರಬ್ಬರ್ ಸೀಲ್‌ಗಳೂ ಹಾಳಾಗಬಹುದು.

ಮೇಲಿನ ಬುಟ್ಟಿಯ ಬಟ್ಟಲುಗಳಷ್ಟೇ ಕೊಳಕಾಗಿ ಉಳಿಯುತ್ತವೆ. ಕೆಳಗಿನವು ಚೆನ್ನಾಗಿವೆ.

ಕೊಳೆ ಎಲ್ಲಿ ಉಳಿಯುತ್ತದೆ ಎಂಬುದೇ ದೊಡ್ಡ ಸುಳಿವು. ಗಡಸು ನೀರು ಬುಟ್ಟಿ ನೋಡಿ ತಾರತಮ್ಯ ಮಾಡುವುದಿಲ್ಲ. ಒಂದು ಬುಟ್ಟಿ, ಒಂದು ಮೂಲೆ ಅಥವಾ ಒಂದೇ ಸಾಲಿನಲ್ಲಿ ಕೊಳೆ ಉಳಿದರೆ ಅಲ್ಲಿಗೆ ನೀರು ತಲುಪುತ್ತಿಲ್ಲ.

ಸ್ಪ್ರೇ ಆರ್ಮ್‌ಗೆ ಬೇರೆ ಮೋಟಾರ್ ಇರುವುದಿಲ್ಲ. ಓರೆಯಾಗಿ ಕೊರೆದ ಕೆಲವು ತೂತುಗಳಿಂದ ಚಿಮ್ಮುವ ನೀರಿನ ಹಿಮ್ಮೊಗ ತಳ್ಳುವಿಕೆಯಿಂದಲೇ ಅದು ತಿರುಗುತ್ತದೆ. ಮಧ್ಯದ ಒಂದು ತೂತು ಕಟ್ಟಿದರೆ ಪಾತ್ರೆಗಳ ಮೇಲೆ ಒಂದು ಉಂಗುರದಷ್ಟು ಜಾಗ ತಪ್ಪುತ್ತದೆ. ತಿರುಗಿಸುವ ತೂತೇ ಕಟ್ಟಿದರೆ ಇಡೀ ಆರ್ಮ್ ನಿಂತು, ಎದುರಿಗೆ ಸಿಕ್ಕ ನಾಲ್ಕು ಪಾತ್ರೆಗಳನ್ನು ಮಾತ್ರ ತೊಳೆಯುತ್ತಾ ಇರುತ್ತದೆ.

ಮೊದಲು ಕೈಯಿಂದ ತಿರುಗಿಸಿ. ಬುಟ್ಟಿಯಿಂದ ಕೆಳಗೆ ಇಳಿದ ಚಮಚದ ಹಿಡಿ, ಎತ್ತರದ ತಟ್ಟೆ ಅಡ್ಡ ಬರುತ್ತಿದೆಯೇ ನೋಡಿ. ಏನೂ ಇಲ್ಲದಿದ್ದರೆ ಆರ್ಮ್‌ನ ಒಂದು ತುದಿಯನ್ನು ಬಾಗಿಲ ಕಡೆಗೆ ನಿಲ್ಲಿಸಿ ಯಂತ್ರ ಹಚ್ಚಿ. ಐದಾರು ನಿಮಿಷದ ನಂತರ ನಿಲ್ಲಿಸಿ, ಹಬೆ ಮುಖಕ್ಕೆ ಬಡಿಯದಂತೆ ನಿಧಾನವಾಗಿ ತೆರೆಯಿರಿ. ತುದಿ ಇಟ್ಟಲ್ಲೇ ಇದ್ದರೆ ಅನುಮಾನಪಡಿ. ಕಾಕತಾಳೀಯವಾಗಿ ಅಲ್ಲೇ ನಿಂತಿರಲೂಬಹುದು, ಹಾಗಾಗಿ ಇನ್ನೊಮ್ಮೆ ಮಾಡಿ. ಕೆಲವು ಯಂತ್ರಗಳು ಮೇಲಿನದಕ್ಕೂ ಕೆಳಗಿನದಕ್ಕೂ ಸರದಿಯಲ್ಲಿ ನೀರು ಬಿಡುವುದರಿಂದ ಒಂದೇ ನಿಮಿಷಕ್ಕೆ ತೆರೆದು ತೀರ್ಮಾನ ಮಾಡಬೇಡಿ.

ಆರ್ಮ್ ಬಿಚ್ಚಿ ಸ್ವಚ್ಛ ಮಾಡುವುದು ಹೇಗೆ?

ಕೆಳಗಿನದು ಸಾಮಾನ್ಯವಾಗಿ ನೇರ ಮೇಲಕ್ಕೆ ಎಳೆದರೆ ಬರುತ್ತದೆ. ಮೇಲಿನದಕ್ಕೆ ನಡುವೆ ತಿರುಗಿಸುವ ನಟ್ ಅಥವಾ ಕೊಕ್ಕೆ ಇರುತ್ತದೆ. ಬಿಚ್ಚಿದ ಮೇಲೆ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ. ಗಲಗಲ ಎಂದರೆ ಒಳಗೆ ಬೀಜವೋ ಗಾಜಿನ ಚೂರೋ ಸೇರಿಕೊಂಡಿದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ತೂತಿಗೆ ಕಡ್ಡಿ ಚುಚ್ಚಿ ಕಸವನ್ನು ಒಳಕ್ಕೆ ತಳ್ಳುವುದು. ಕಸ ಒಳಗಿನಿಂದ ಬಂದದ್ದು, ತೂತಿಗಿಂತ ದೊಡ್ಡದಾದ್ದರಿಂದಲೇ ಸಿಕ್ಕಿಕೊಂಡದ್ದು. ಒಳಕ್ಕೆ ತಳ್ಳಿದರೆ ಮುಂದಿನ ಸುತ್ತಿನಲ್ಲಿ ಮತ್ತೆ ಅಲ್ಲಿಗೇ ಬರುತ್ತದೆ. ಬಗ್ಗಿಸಿದ ತಂತಿ ಅಥವಾ ಚಿಮುಟದಿಂದ ಹೊರಕ್ಕೆ ಎಳೆಯಿರಿ. ಆಗದಿದ್ದರೆ ಒಳಕ್ಕೆ ಬೀಳಿಸಿ, ಆರ್ಮ್ ತಲೆಕೆಳಗಾಗಿ ಹಿಡಿದು, ನೀರು ಒಳಬರುವ ದೊಡ್ಡ ಬಾಯಿಂದ ಅಲುಗಾಡಿಸಿ ಹೊರಗೆ ಹಾಕಿ. ನಲ್ಲಿ ನೀರನ್ನು ತೂತುಗಳ ಕಡೆಯಿಂದ ಹಾಯಿಸಿದರೆ ಸಹಾಯವಾಗುತ್ತದೆ. ತೂತಿನ ಅಂಚಿನಲ್ಲಿ ಸುಣ್ಣ ಕಟ್ಟಿದ್ದರೆ ಬೆಚ್ಚಗಿನ ನೀರಿಗೆ ವಿನೆಗರ್ ಅಥವಾ ಸಿಟ್ರಿಕ್ ಆಮ್ಲ ಬೆರೆಸಿ ಒಂದರ್ಧ ಗಂಟೆ ನೆನೆಸಿ.

ಮತ್ತೆ ಕೂರಿಸುವ ಮೊದಲು ದೊಡ್ಡ ಬಾಯಿಗೆ ನಲ್ಲಿ ಹಿಡಿಯಿರಿ. ಎಲ್ಲ ತೂತುಗಳಿಂದಲೂ ನೀರು ಬರಬೇಕು.

ಸ್ವಚ್ಛ ಮಾಡಿದೆ, ವಾರದಲ್ಲೇ ಮತ್ತೆ ಕಟ್ಟಿತು.

ಹಾಗಾದರೆ ಫಿಲ್ಟರ್ ನೋಡಿ. ಆರ್ಮ್‌ಗೆ ಹೋಗುವ ನೀರು ಫಿಲ್ಟರ್ ದಾಟಿಯೇ ಹೋಗಬೇಕು. ದೊಡ್ಡ ಕಸ ಆರ್ಮ್ ತಲುಪಿದೆ ಎಂದರೆ ಫಿಲ್ಟರ್ ಹರಿದಿದೆ ಅಥವಾ ಸರಿಯಾಗಿ ಕೂತಿಲ್ಲ. ಬಹಳ ಸಲ ಎರಡನೆಯದೇ. ತೊಳೆದ ಮೇಲೆ ಇಟ್ಟಿರುತ್ತಾರೆ, ತಿರುಗಿಸಿ ಬಿಗಿ ಮಾಡಿರುವುದಿಲ್ಲ. ಬೆರಳಿನಿಂದ ಎತ್ತಿದರೆ ಎದ್ದು ಬರುವ ಫಿಲ್ಟರ್ ಇದ್ದೂ ಇಲ್ಲದಂತೆ. ಜಾಲರಿಯನ್ನು ಮೆದು ಬ್ರಷ್‌ನಿಂದ ತೊಳೆಯಿರಿ, ತಂತಿ ಬ್ರಷ್ ಬೇಡ. ಲೇಬಲ್ ಇರುವ ಬಾಟಲಿ, ಡಬ್ಬಿ ಒಳಗೆ ಇಡುವ ಅಭ್ಯಾಸವಿದ್ದರೆ ಬಿಡಿ. ನೆನೆದ ಕಾಗದ ಜಾಲರಿಯನ್ನು ಮುಚ್ಚುವಷ್ಟು ಚೆನ್ನಾಗಿ ಬೇರಾವುದೂ ಮುಚ್ಚದು.

ಎರಡೂ ತೊಂದರೆ ಒಟ್ಟಿಗಿದ್ದ ಒಂದು ಉದಾಹರಣೆ ಹೇಳಬಹುದೇ?

ಪರಿಚಯದವರೊಬ್ಬರ ಮೂರು ವರ್ಷದ ಯಂತ್ರ. ಲೋಟಗಳೆಲ್ಲ ಹಾಲು ತೊಳೆದಿಟ್ಟಂತೆ ಮಸುಕು, ಮೇಲಿನ ಬುಟ್ಟಿಯ ಬಟ್ಟಲುಗಳಲ್ಲಿ ಮರಳಿನಂಥ ಕಸ. ಟ್ಯಾಬ್ಲೆಟ್‌ನಲ್ಲೇ ಎಲ್ಲ ಇದೆಯೆಂದು ಉಪ್ಪು ಹಾಕಿರಲಿಲ್ಲ. ಮಸುಕು ಹೋಗಲೆಂದು ರಿನ್ಸ್ ಏಡನ್ನು ಗರಿಷ್ಠ ಮಟ್ಟ 6ಕ್ಕೆ ಏರಿಸಿದ್ದರು.

ವಿನೆಗರ್ ಬಟ್ಟೆ ಸುತ್ತಿದ ಅರ್ಧ ಲೋಟ ತಿಳಿಯಾಯಿತು. ಸುಣ್ಣ ಎಂದು ಖಚಿತ. ಹನಿ ಕಿಟ್‌ನಲ್ಲಿ 24ನೇ ಹನಿಗೆ ಬಣ್ಣ ತಿರುಗಿತು. 24 ಡಿಗ್ರಿ, ಅಂದರೆ ಸುಮಾರು 427 ಪಿಪಿಎಂ. ಟ್ಯಾಬ್ಲೆಟ್‌ನ ಮಿತಿ ದಾಟಿತ್ತು. ಯಂತ್ರದ ಸೆಟ್ಟಿಂಗ್ ಕೊಂಡಾಗ ಇದ್ದ ಮಧ್ಯಮ ಮಟ್ಟದಲ್ಲೇ ಇತ್ತು. ಉಪ್ಪು ತುಂಬಿ, ಕೈಪಿಡಿಯಲ್ಲಿ 24 ಡಿಗ್ರಿಗೆ ಹೇಳಿದ ಮಟ್ಟಕ್ಕೆ ಏರಿಸಿ, ರಿನ್ಸ್ ಏಡನ್ನು 3ಕ್ಕೆ ಇಳಿಸಿದೆವು.

ಮೂರು ಸುತ್ತಾದ ಮೇಲೆ ಏನೂ ಬದಲಾಗಿಲ್ಲ ಎಂದು ಫೋನ್ ಬಂತು. ಇಲ್ಲೇ ಬಹುತೇಕರು ಕೈಚೆಲ್ಲುವುದು. ಮೆದು ನೀರು ಹೊಸ ಸುಣ್ಣ ಕಟ್ಟದಂತೆ ತಡೆಯುತ್ತದೆ, ಹಳೆಯದನ್ನು ಕಿತ್ತು ತೆಗೆಯುವುದಿಲ್ಲ. ಅದನ್ನು ಬೇರ್ಪಡಿಸಿ ನೋಡಲು ಎರಡು ಲೋಟ ಆರಿಸಿದೆವು. ಒಂದನ್ನು ವಿನೆಗರ್‌ನಿಂದ ಪೂರ್ತಿ ತಿಳಿ ಮಾಡಿ, ಇನ್ನೊಂದನ್ನು ಮಸುಕಾಗಿಯೇ ಬಿಟ್ಟು ಅಕ್ಕಪಕ್ಕ ಇಟ್ಟು ಆರು ಸುತ್ತು ತೊಳೆದರು. ತಿಳಿಯಾದದ್ದು ತಿಳಿಯಾಗಿಯೇ ಉಳಿಯಿತು. ನೀರು ಈಗ ಸರಿಯಾಗಿದೆ, ಕಾಣುತ್ತಿರುವುದು ಹಳೆಯ ಸುಣ್ಣ ಎಂದು ಗೊತ್ತಾಯಿತು.

ಬಟ್ಟಲುಗಳ ಕಸ ಮಾತ್ರ ಇದ್ದ ಹಾಗೇ ಇತ್ತು. ಇರಲೇಬೇಕಲ್ಲ, ಅದಕ್ಕೂ ಉಪ್ಪಿಗೂ ಸಂಬಂಧವಿಲ್ಲ. ಬಾಗಿಲ ಕಡೆ ತಿರುಗಿಸಿಟ್ಟ ಮೇಲಿನ ಆರ್ಮ್ ಎರಡು ಸಲವೂ ಅಲ್ಲೇ ನಿಂತಿತ್ತು. ಬಿಚ್ಚಿದರೆ ತುದಿಯ ತೂತಿನಲ್ಲಿ ಲೇಬಲ್ ಚೂರು, ಒಳಗೆ ಎರಡು ಬೀಜ. ಫಿಲ್ಟರ್ ಬಿಗಿಯಾಗದೆ ಸಡಿಲವಾಗಿ ತಿರುಗುತ್ತಿತ್ತು. ಆ ಕೆಲಸ ಮುಗಿದ ಮೇಲಿನ ಮೊದಲ ಸುತ್ತಿಗೇ ಬಟ್ಟಲುಗಳು ಸ್ವಚ್ಛವಾದವು.

ಹಳೆಯ ಸುಣ್ಣ ತೆಗೆಯುವುದು ಹೇಗೆ?

ಲೋಟಗಳನ್ನು ಬಕೆಟ್ಟಿನಲ್ಲಿ ಸಿಟ್ರಿಕ್ ಆಮ್ಲದ ನೀರಿಗೆ ಅದ್ದಿ ತೆಗೆಯುವುದೇ ಸರಳ. ಯಂತ್ರದ ಒಳಭಾಗಕ್ಕೆ, ಕೈಪಿಡಿ ಬೇಡ ಎಂದಿರದಿದ್ದರೆ, ಸುಮಾರು 100 ಗ್ರಾಂ ಸಿಟ್ರಿಕ್ ಆಮ್ಲವನ್ನು ತಳಕ್ಕೆ ಹಾಕಿ, ಪಾತ್ರೆಯೂ ಡಿಟರ್ಜೆಂಟೂ ಇಲ್ಲದೆ ಓಡಿಸಬಹುದು. ಪ್ರೀವಾಷ್ ಇಲ್ಲದ ಪ್ರೋಗ್ರಾಂ ಇರಲಿ, ಇಲ್ಲದಿದ್ದರೆ ಮೊದಲ ನೀರಿನೊಂದಿಗೆ ಆಮ್ಲವೆಲ್ಲ ಹೊರಗೆ ಹೋಗುತ್ತದೆ. ಡಿಟರ್ಜೆಂಟ್ ಜೊತೆಗೆ ಹಾಕಿದರೆ ಆಮ್ಲ ಮತ್ತು ಕ್ಷಾರ ಪರಸ್ಪರ ತಿಂದುಹಾಕಿ ಎರಡೂ ವ್ಯರ್ಥ. ಅತಿ ಬಿಸಿ ಪ್ರೋಗ್ರಾಂ ಬೇಡ. ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ನೀರಿನಲ್ಲಿ ಕಡಿಮೆ ಕರಗುವುದರಿಂದ ಸುಣ್ಣ ಹೋಗಿ ಇನ್ನೊಂದು ಬಿಳಿ ಪುಡಿ ಕೂತೀತು. 50 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸಾಕು.

ಆಮ್ಲ ಹಾಕುವಾಗ ಕ್ಲೋರಿನ್ ಬ್ಲೀಚ್ ಇರುವ ಯಾವ ವಸ್ತುವೂ ಒಳಗಿರಬಾರದು. ಎರಡೂ ಬೆರೆತರೆ ವಿಷಾನಿಲ ಏಳುತ್ತದೆ.

ಆಮ್ಲಕ್ಕೂ ಹೋಗದ ಮಸುಕಿಗೆ ಏನು ಮಾಡಲಿ?

ಪಿಷ್ಟವೂ ಅಲ್ಲವೆಂದಾದರೆ ಏನೂ ಮಾಡಲಾಗದು. ಗಾಜಿನ ಮೇಲ್ಮೈಯೇ ಸವೆದಿದೆ. ವಿಚಿತ್ರವೆಂದರೆ ಇದಕ್ಕೆ ಕಾರಣ ಹೆಚ್ಚಾಗಿ ಗಡಸು ನೀರಲ್ಲ, ಅತಿ ಮೆದು ನೀರು. ಜೊತೆಗೆ ಹೆಚ್ಚು ಬಿಸಿ, ಹೆಚ್ಚು ಡಿಟರ್ಜೆಂಟ್. ಮನೆಗೆಲ್ಲ ಸಾಫ್ಟನರ್ ಇದ್ದೂ ಯಂತ್ರದ ಗಡಸುತನದ ಮಟ್ಟವನ್ನು ಎತ್ತರದಲ್ಲೇ ಬಿಟ್ಟಿದ್ದರೆ ಸೊನ್ನೆಗೆ ಇಳಿಸಿ. ಉಳಿದ ಗಾಜನ್ನಾದರೂ ಕಡಿಮೆ ಬಿಸಿಯ ಪ್ರೋಗ್ರಾಂನಲ್ಲಿ ತೊಳೆಯಿರಿ.

ಮೆಕ್ಯಾನಿಕ್‌ನನ್ನು ಕರೆಯಬೇಕಾದದ್ದು ಯಾವಾಗ?

ಸೆಟ್ಟಿಂಗ್, ಉಪ್ಪು ಎರಡೂ ಸರಿಯಿದ್ದು, ಹತ್ತು ಸುತ್ತಿನ ನಂತರವೂ ತಳದ ನೀರು ನಲ್ಲಿ ನೀರಿನಷ್ಟೇ ಗಡಸಾಗಿದ್ದರೆ ಕರೆಯಿರಿ. ಉಪ್ಪುನೀರು ಬಿಡುವ ವಾಲ್ವ್ ಅಥವಾ ರೆಸಿನ್ ಕೋಶ ಕೆಟ್ಟಿರುತ್ತದೆ. ಆರ್ಮ್, ಫಿಲ್ಟರ್ ಸ್ವಚ್ಛವಿದ್ದೂ ಎರಡೂ ಆರ್ಮ್ ತಿರುಗದಿದ್ದರೆ, ಒಳಗೆ ನೀರು ಚಿಮ್ಮುವ ಸದ್ದೇ ಕೇಳದಿದ್ದರೆ ಅದು ಪಂಪ್‌ನ ಕೆಲಸ. ಮೇಲಿನ ಆರ್ಮ್ ಒಂದೇ ನಿಂತಿದ್ದರೆ ಮಾತ್ರ ಕರೆಯುವ ಮೊದಲು ಬುಟ್ಟಿಯ ಹಿಂಬದಿ ನೋಡಿ. ಬುಟ್ಟಿಯ ಎತ್ತರ ಬದಲಿಸುವಾಗ ಒಂದು ಬದಿ ಮೇಲೆ, ಒಂದು ಬದಿ ಕೆಳಗೆ ಸಿಕ್ಕಿಕೊಂಡು ನೀರಿನ ಕೊಳವೆಯ ಬಾಯಿಗೆ ಕೂರದೆ ಇರುವುದುಂಟು.